ಹಳ್ಳಿಯಲ್ಲಿ ಒಬ್ಬರೇ ಇರುವ ಅಮ್ಮನಿಗೆ ಕೀಪ್ಯಾಡ್ ಫೋನೋ, ಸ್ಮಾರ್ಟ್‌ಫೋನೋ? ಮೊಬೈಲ್ ರಿಪೇರಿಯವರೊಂದಿಗೆ ಪ್ರಶ್ನೋತ್ತರ

ಬೆಂಗಳೂರಿನಲ್ಲಿರುವ ಮಗಳು: ಅಮ್ಮನಿಗೆ 73 ವರ್ಷ. ಹೊಸನಗರ ತಾಲ್ಲೂಕಿನ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮನೆಯೊಳಗೆ ಸಿಗ್ನಲ್ ಇಲ್ಲ, ಅಂಗಳ ಮತ್ತು ಕೊಟ್ಟಿಗೆಯ ಹತ್ತಿರ ಸಿಗುತ್ತದೆ. ಅಣ್ಣನ ವಿಡಿಯೋ ಕರೆಗೆಂದು ವೈಫೈ ಹಾಕಿಸಿದ್ದೇವೆ. ಕಳೆದ ಆಷಾಢದಲ್ಲಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದಾಗ ಸ್ಮಾರ್ಟ್‌ಫೋನ್ ಒಳಗೆ ಕಿಟಕಿಯ ಮೇಲಿತ್ತು. ಹಾಲಿನವರು ಬರುವವರೆಗೆ ಅಲ್ಲೇ ಬಿದ್ದಿದ್ದರು. ಅದನ್ನು ತೆಗೆದು ಕೀಪ್ಯಾಡ್ ಫೋನ್ ಕೊಡಿಸಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಕೊಡಿಸಲೇ?

ರಿಪೇರಿಯವರು (ಸಾಗರ): ಕೊಡಿಸಿ ತಂಗಿ, ಆದರೆ ಸ್ಮಾರ್ಟ್‌ಫೋನನ್ನು ತೆಗೆಯಬೇಡಿ. ಸಿಗ್ನಲ್ ಇರುವ ಊರಿನವರು ಹೇಳುವ ಮಾತು ನಿಮ್ಮ ಮನೆಗೆ ಅರ್ಧ ಮಾತ್ರ ಹೊಂದುತ್ತದೆ. ನನ್ನ ಅಂಗಡಿಗೆ ಬರುವ ಕೀಪ್ಯಾಡ್ ಫೋನುಗಳಲ್ಲಿ ವೈಫೈ ಮೂಲಕ ಮಾಮೂಲಿ ಕರೆ ಮಾಡುವ ಸೌಲಭ್ಯ ಇರುವುದಿಲ್ಲ. ಸ್ಮಾರ್ಟ್‌ಫೋನಿನಲ್ಲಿ ಅದು ಇರುತ್ತದೆ. ಅದನ್ನು ತೆಗೆದರೆ ಅಮ್ಮ ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ, ರಾತ್ರಿ ಮಲಗಿದ ಕೋಣೆಯಲ್ಲಿ ಯಾರ ಕೈಗೂ ಸಿಗದಂತಾಗುತ್ತಾರೆ.

ಮುಂದಿನ ಸಲ ಊರಿಗೆ ಹೋದಾಗ ಮೊದಲು ಒಂದು ಪರೀಕ್ಷೆ ಮಾಡಿ. ಸ್ಮಾರ್ಟ್‌ಫೋನಿನ ಸಿಮ್ ಸೆಟ್ಟಿಂಗಿನಲ್ಲಿ Wi-Fi calling ಎಂಬುದನ್ನು ಆನ್ ಮಾಡಿ, ಆಮೇಲೆ ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಒಂದನ್ನು ಮಾತ್ರ ಮತ್ತೆ ಆನ್ ಮಾಡಿ, ವಾಟ್ಸ್‌ಆ್ಯಪ್ ಮುಟ್ಟದೆ ಮಾಮೂಲಿ ನಂಬರಿಗೆ ಕರೆ ಮಾಡಿ. ಕರೆ ಹೋದರೆ ನಿಮ್ಮ ಸಿಮ್ಮಿಗೂ ಫೋನಿಗೂ ಆ ಸೌಲಭ್ಯ ಇದೆ ಎಂದರ್ಥ. ಮಾತಾಡುತ್ತಲೇ ಜಗುಲಿಯಿಂದ ಬಚ್ಚಲಿನವರೆಗೂ ನಡೆದು ನೋಡಿ. ಹಳೆಯ ಮನೆಗಳ ದಪ್ಪ ಗೋಡೆಗಳು ವೈಫೈಯನ್ನೂ ತಡೆಯುತ್ತವೆ. ಧ್ವನಿ ಎಲ್ಲಿ ಕಡಿಯುತ್ತದೋ ಅಲ್ಲಿಗೆ ಇನ್ನೊಂದು ರೂಟರ್ ಬೇಕು.

ಎರಡನೆಯದಾಗಿ, ಅಂಗಳದಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ಎಂದು ನೋಡಿಕೊಂಡು ಆ ಸಿಮ್ಮಿಗೆ 4ಜಿ ಇರುವ ಕೀಪ್ಯಾಡ್ ಫೋನ್ ಕೊಡಿಸಿ. ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ, ಆದ್ದರಿಂದ ಅಗ್ಗಕ್ಕೆ ಸಿಗುವ 2ಜಿ ಫೋನಿಗೆ ಆ ಸಿಮ್ ಹಾಕಿದರೆ ಅದು ಬರೀ ಟಾರ್ಚ್ ಆಗುತ್ತದೆ. ಈ ಫೋನ್ ಅಮ್ಮನ ಮೈಮೇಲೇ ಇರಬೇಕು. ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಳ್ಳುವವರಾದರೆ ಬೇರೆ ಚೀಲ ಹೊಲಿಸಿ ಕೊಡಿ, ಏಕೆಂದರೆ ಚಾರ್ಜಿಂಗ್ ಪಿನ್ನಿನಲ್ಲಿ ಸುಣ್ಣ ಕೂತು ಕೆಟ್ಟ ಫೋನುಗಳು ನನ್ನ ಮೇಜಿನ ಮೇಲೆ ಯಾವಾಗಲೂ ಇರುತ್ತವೆ.

ಮೂರನೆಯದು ಈ ಎರಡನ್ನೂ ಜೋಡಿಸುವ ಕೆಲಸ. ಎಲ್ಲರಿಗೂ ಕೀಪ್ಯಾಡ್ ಫೋನಿನ ನಂಬರನ್ನೇ ಕೊಡಿ. ಆ ಸಿಮ್ಮನ್ನು ಒಂದು ಗಳಿಗೆ ನಿಮ್ಮ ಸ್ಮಾರ್ಟ್‌ಫೋನಿಗೆ ಹಾಕಿ, ಕರೆಗಳ ಸೆಟ್ಟಿಂಗಿನಲ್ಲಿ Call forwarding ತೆರೆದು, When unreachable ಎಂಬಲ್ಲಿ ಮನೆಯ ಸ್ಮಾರ್ಟ್‌ಫೋನಿನ ನಂಬರ್ ಹಾಕಿ. ಈ ಏರ್ಪಾಡು ಕಂಪನಿಯ ಕಡೆ ದಾಖಲಾಗುತ್ತದೆ, ಫೋನಿನಲ್ಲಿ ಅಲ್ಲ. ಹಾಗಾಗಿ ಸಿಮ್ಮನ್ನು ಮತ್ತೆ ಕೀಪ್ಯಾಡ್ ಫೋನಿಗೆ ಹಾಕಿದರೂ ಅದು ಉಳಿಯುತ್ತದೆ. ಅಮ್ಮ ಕೊಟ್ಟಿಗೆಯಲ್ಲಿದ್ದರೆ ಸೊಂಟದ ಫೋನ್ ಬಡಿದುಕೊಳ್ಳುತ್ತದೆ, ಒಳಗೆ ಬಂದು ಸಿಗ್ನಲ್ ಹೋದರೆ ಅದೇ ಕರೆ ವೈಫೈ ಮೇಲಿನ ಫೋನಿಗೆ ಬರುತ್ತದೆ.

ಇದಕ್ಕೆ ಎರಡು ಮಿತಿಗಳಿವೆ. ಕರೆಂಟ್ ಹೋದರೆ ಫೈಬರ್ ಪೆಟ್ಟಿಗೆ ಸಾಯುತ್ತದೆ. ಆ ಪೆಟ್ಟಿಗೆ ಮತ್ತು ರೂಟರಿಗೆ ಇನ್ವರ್ಟರಿನ ಲೈನ್ ಕೊಡಿ, ಇಲ್ಲದಿದ್ದರೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿಸಿ, ಅದು ಕೆಲವು ಗಂಟೆ ತಡೆಯುತ್ತದೆ. ತಂತಿಯ ಇನ್ನೊಂದು ತುದಿಯಲ್ಲಿ ಕರೆಂಟ್ ಹೋದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಇನ್ನು, ತುರ್ತಿನ 112ರ ಕರೆ ವೈಫೈ ಮೇಲೆ ಹೋಗಿಯೇ ತೀರುತ್ತದೆ ಎಂದು ನಂಬಿ ಕೂರಬೇಡಿ. ಪಕ್ಕದ ಮನೆಯವರ ನಂಬರ್ ಎರಡೂ ಫೋನಿನಲ್ಲಿ ಮೊದಲ ಸ್ಥಾನದಲ್ಲಿರಲಿ.

ದಾವಣಗೆರೆಯ ಸದಸ್ಯರು: ವೃದ್ಧರಿಗೆ ಯಾವ ಕಂಪನಿಯ ಫೋನ್ ಒಳ್ಳೆಯದು ಸರ್? ಮೂರು ಸಾವಿರದ ಒಳಗೆ ಹೇಳಿ.

ರಿಪೇರಿಯವರು: ಅವರಿರುವ ಜಾಗದಲ್ಲಿ ಯಾವ ಸಿಗ್ನಲ್ ಇದೆ ಎಂದು ತಿಳಿಯದೆ ಫೋನಿನ ಹೆಸರು ಹೇಳುವುದಿಲ್ಲ.

ಮಂಡ್ಯದ ಸದಸ್ಯರು: ನನ್ನ ಅಪ್ಪನಿಗೆ ಕೀಪ್ಯಾಡ್ ಫೋನೇ ಇದೆ, ಆದರೂ ದಿನಕ್ಕೆ ಹತ್ತು ಸಲ ಮಾಡಿದರೂ ಎತ್ತುವುದಿಲ್ಲ. ಶಬ್ದವೇ ಆಗಲಿಲ್ಲ ಎನ್ನುತ್ತಾರೆ. ಕಿವಿ ಚೆನ್ನಾಗಿದೆ. ಸ್ಪೀಕರ್ ಬದಲಿಸಬೇಕೇ?

ರಿಪೇರಿಯವರು: ಸ್ಪೀಕರ್ ಬದಲಿಸುವ ಮೊದಲು # ಕೀಲಿಯನ್ನು ಎರಡು ಸೆಕೆಂಡ್ ಒತ್ತಿ ಹಿಡಿದು ನೋಡಿ. ಹಲವು ಕೀಪ್ಯಾಡ್ ಫೋನುಗಳಲ್ಲಿ ಅದು ಸೈಲೆಂಟ್ ಮಾಡುವ ಕೀಲಿ. ಜೇಬಿನಲ್ಲಿ ಒತ್ತಿಹೋಗಿರುತ್ತದೆ. ಕೀಲಿಗಳು ತಾವಾಗಿಯೇ ಲಾಕ್ ಆಗುವಂತೆ ಇಟ್ಟರೆ ಮತ್ತೆ ಆಗುವುದಿಲ್ಲ.

ಮೈಸೂರಿನ ನಿವೃತ್ತ ಶಿಕ್ಷಕರು: ಇಷ್ಟೆಲ್ಲ ತಂತ್ರಜ್ಞಾನ ಆ ತಾಯಿಗೆ ಏಕೆ ಬೇಕು? ಸ್ಮಾರ್ಟ್‌ಫೋನ್ ಕೊಟ್ಟರೆ ಮದುವೆ ಆಮಂತ್ರಣ ಎಂದು ಕಳ್ಳ ಆ್ಯಪಿನ ಎಪಿಕೆ ಕಡತ ಬರುತ್ತದೆ, ಒತ್ತಿದರೆ ಬ್ಯಾಂಕಿನ ಹಣ ಹೋಗುತ್ತದೆ. ಕೀಪ್ಯಾಡ್ ಫೋನಿನಲ್ಲಿ ಮೋಸ ನಡೆಯುವುದಕ್ಕೆ ಸಾಧ್ಯವೇ ಇಲ್ಲ.

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ನೌಕರರು: ಗುರುಗಳೇ, ನಮ್ಮ ಅತ್ತೆಯ ಕೈಯಲ್ಲಿ ಇದ್ದದ್ದು ಕೀಪ್ಯಾಡ್ ಫೋನೇ. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಖಾತೆ ನಿಂತುಹೋಗುತ್ತದೆ ಎಂದು ಹೆದರಿಸಿದರು. ಅತ್ತೆ ಎಟಿಎಂ ಕಾರ್ಡಿನ ಅಂಕಿಗಳನ್ನು ಓದಿ ಹೇಳಿದರು, ಬಂದ ಒಟಿಪಿಯನ್ನೂ ಮೊಮ್ಮಗನಿಂದ ಓದಿಸಿ ಹೇಳಿದರು. ಮೋಸ ಬರುವುದು ಮಾತಿನ ಮೂಲಕ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿದ್ದರಿಂದ ಸ್ವಲ್ಪ ಹಣವನ್ನಾದರೂ ತಡೆಹಿಡಿಯಲು ಆಯಿತು.

ಮೈಸೂರಿನ ನಿವೃತ್ತ ಶಿಕ್ಷಕರು: ಒಂದು ಉದಾಹರಣೆಯಿಂದ ನಿಯಮ ಆಗುವುದಿಲ್ಲ.

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ನೌಕರರು: ಸಾಧ್ಯವೇ ಇಲ್ಲ ಎಂದವರು ನೀವು. ಆ ಮಾತನ್ನು ತಪ್ಪೆಂದು ತೋರಿಸಲು ಒಂದು ಉದಾಹರಣೆ ಸಾಕು.

ರಿಪೇರಿಯವರು: ಇಬ್ಬರೂ ದಯವಿಟ್ಟು ನಿಲ್ಲಿಸಿ. ಎಪಿಕೆ ಅಪಾಯ ನಿಜ, ಅದು ಕೀಪ್ಯಾಡ್ ಫೋನಿಗೆ ತಾಗುವುದಿಲ್ಲ ಎನ್ನುವುದೂ ನಿಜ. ಅದಕ್ಕಾಗಿಯೇ ಈ ಅಮ್ಮನ ಬ್ಯಾಂಕಿನ ಖಾತೆಗೆ ಕೀಪ್ಯಾಡ್ ಫೋನಿನ ನಂಬರ್ ಜೋಡಿಸಿ, ಸ್ಮಾರ್ಟ್‌ಫೋನಿನಲ್ಲಿ ಯಾವ ಹಣದ ಆ್ಯಪನ್ನೂ ಇಡಬೇಡಿ. ಕಳ್ಳ ಆ್ಯಪ್ ಬಂದು ಕೂತರೂ ಒಟಿಪಿ ಆ ಫೋನಿಗೆ ಬರುವುದಿಲ್ಲ. ಬಾಯಿಯಿಂದ ಹೇಳಿಬಿಟ್ಟರೆ ಯಾವ ಫೋನೂ ಕಾಯುವುದಿಲ್ಲ.

ಕಲಬುರಗಿಯ ಸದಸ್ಯರು: ಎಲ್ಲರ ಗಮನಕ್ಕೆ, ಬಂದಂತೆ ಕಳಿಸುತ್ತಿದ್ದೇನೆ: "ನಿಮ್ಮ ಮನೆಯ ಹಿರಿಯರ ಫೋನಿನಲ್ಲಿ ಈಗಲೇ ##002# ಒತ್ತಿ. ಎಲ್ಲ ಹ್ಯಾಕ್ ತೆಗೆದುಹೋಗುತ್ತದೆ. *3370# ಒತ್ತಿದರೆ ಬ್ಯಾಟರಿ ದುಪ್ಪಟ್ಟು ಬಾಳುತ್ತದೆ. ಹತ್ತು ಗುಂಪುಗಳಿಗೆ ಕಳಿಸಿ."

ರಿಪೇರಿಯವರು: ದಯವಿಟ್ಟು ಯಾರೂ ಒತ್ತಬೇಡಿ, ಯಾರಿಗೂ ಕಳಿಸಬೇಡಿ. ##002# ಹ್ಯಾಕ್ ತೆಗೆಯುವುದಿಲ್ಲ. ಆ ನಂಬರಿನ ಮೇಲಿರುವ ಎಲ್ಲ ಕರೆ ವರ್ಗಾವಣೆಗಳನ್ನು ಅಳಿಸುತ್ತದೆ, ಅಷ್ಟೇ. ಮೇಲೆ ಆ ತಂಗಿಗೆ ಹೇಳಿದ ಏರ್ಪಾಡು ಇದೊಂದು ಕೋಡಿನಿಂದ ಕಳೆದುಹೋಗುತ್ತದೆ, ಹೋದದ್ದು ಯಾರಿಗೂ ತಿಳಿಯುವುದೂ ಇಲ್ಲ. ಕರೆ ಬರಲಿಲ್ಲ ಎಂದು ಗೊತ್ತಾಗುವುದು ಅಮ್ಮ ಮತ್ತೊಮ್ಮೆ ಬಿದ್ದ ದಿನ. ಬ್ಯಾಟರಿಯ ಕೋಡ್ ಹಳೆಯ ನೋಕಿಯಾ ಕಾಲದ ಸುಳ್ಳು.

ಕಲಬುರಗಿಯ ಸದಸ್ಯರು: ಸರ್, ಕಳ್ಳರು ನಮ್ಮ ಕರೆಗಳನ್ನು ತಮ್ಮ ನಂಬರಿಗೆ ತಿರುಗಿಸಿಕೊಳ್ಳುತ್ತಾರೆ ಎಂದು ಪೊಲೀಸರೇ ಎಚ್ಚರಿಸಿದ್ದಾರೆ. ಒಳ್ಳೆಯದಕ್ಕೆ ಹಾಕಿದರೂ ಬೈಯುತ್ತೀರಿ.

ರಿಪೇರಿಯವರು: ಕರೆ ತಿರುಗಿಸುವ ಮೋಸ ನಿಜ, ಅದಕ್ಕೆ ಆ ಕೋಡ್ ಉಪಯೋಗವೂ ಹೌದು. ಅನುಮಾನ ಬಂದವರು ಮೊದಲು *#21# ಒತ್ತಿ, ಎಲ್ಲ ಕರೆಗಳೂ ಬೇರೆ ನಂಬರಿಗೆ ಹೋಗುತ್ತಿವೆಯೇ ಎಂದು ನೋಡಲಿ. ರೋಗ ನೋಡದೆ ಊರಿಗೆಲ್ಲ ಮಾತ್ರೆ ಹಂಚಬೇಡಿ ಎಂಬುದಷ್ಟೇ ನನ್ನ ಮಾತು.

ಕುಂದಾಪುರದ ಸದಸ್ಯರು: ನನ್ನ ತಾಯಿಗೆ ಶ್ರವಣಸಾಧನ ಇದೆ. 2ಜಿ ಕೀಪ್ಯಾಡ್ ಫೋನ್ ಕಿವಿಗೆ ಹಿಡಿದರೆ ಗುರ್ರೆಂದು ಸದ್ದು ಬರುತ್ತದೆ ಎನ್ನುತ್ತಾರೆ. 4ಜಿ ಫೋನಿನಲ್ಲಿ ಕಡಿಮೆಯಾಗುತ್ತದೆಯೇ?

ಮಂಡ್ಯದ ಸದಸ್ಯರು: ಸರ್, # ಒತ್ತಿದೆವು, ಶಬ್ದ ಬಂತು! ನಮ್ಮ ಮಾವನವರ ಫೋನೂ ಬಡಿದುಕೊಳ್ಳುತ್ತಿಲ್ಲ, ಏನು ಮಾಡಲಿ?

ರಿಪೇರಿಯವರು: ಅದೇ # ಕೀಲಿ.

ತುಮಕೂರಿನ ಸದಸ್ಯರು: ಎರಡು ಸಿಮ್ ಎಂದರೆ ಎರಡು ರೀಚಾರ್ಜ್. ಪಿಂಚಣಿಯವರಿಗೆ ಹೊರೆಯಲ್ಲವೇ?

ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ನೌಕರರು: ಡೇಟಾ ಇಲ್ಲದೆ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಅವಧಿ 365 ದಿನಗಳವರೆಗೂ ಇರಬಹುದು. ಕೀಪ್ಯಾಡ್ ಸಿಮ್ಮಿಗೆ ಅದನ್ನೇ ಕೇಳಿ ಹಾಕಿಸಿ. ವೈಫೈ ಇರುವುದರಿಂದ ಎರಡನೆಯದಕ್ಕೂ ಅದೇ ಸಾಕಾಗಬಹುದು.

ಬೆಂಗಳೂರಿನಲ್ಲಿರುವ ಮಗಳು: ಶನಿವಾರ ಊರಿಗೆ ಬಂದು ಎಲ್ಲವನ್ನೂ ಮಾಡಿದೆ. ಏರೋಪ್ಲೇನ್ ಮೋಡಿನಲ್ಲಿ ಕರೆ ಹೋಯಿತು, ಬಚ್ಚಲಿನಲ್ಲೂ ಕೇಳಿಸಿತು. ಆದರೆ ಎರಡು ತೊಂದರೆಗಳಿವೆ. ಒಂದು, ಅಮ್ಮ ಸ್ಮಾರ್ಟ್‌ಫೋನಿನಲ್ಲಿ ಕರೆ ಎತ್ತಲು ಹಸಿರು ಗುಂಡಿಯನ್ನು ಬೆರಳಿಟ್ಟು ಒತ್ತಿಕೊಂಡೇ ಇರುತ್ತಾರೆ, ಸವರುವುದಿಲ್ಲ. ಇನ್ನೊಂದು, ನಡುಮನೆಯಲ್ಲಿ ಕೀಪ್ಯಾಡ್ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ, ಆಗ ಕರೆ ವೈಫೈ ಫೋನಿಗೆ ತಿರುಗುವುದಿಲ್ಲ.

ರಿಪೇರಿಯವರು: ಇಷ್ಟು ನೋಡಿ ಬರೆದದ್ದಕ್ಕೆ ಸಂತೋಷ. ಬೆರಳಿನ ವಿಷಯದಲ್ಲಿ ಅಮ್ಮನ ತಪ್ಪಿಲ್ಲ. ಅಂಗಡಿಗೆ ಬರುವ ಅಜ್ಜಿಯರು ಕರೆಗಂಟೆ ಒತ್ತುವಂತೆ ಹೆಬ್ಬೆರಳನ್ನು ಗಾಜಿನ ಮೇಲೆ ಊರಿ, ಫೋನ್ ಒಪ್ಪಿಕೊಳ್ಳಲಿ ಎಂದು ಕಾಯುತ್ತಾರೆ. ಅಡಿಕೆ ಸುಲಿದು ಗಟ್ಟಿಯಾದ ಒಣ ಚರ್ಮವನ್ನು ಗಾಜು ಬೇಗ ಗುರುತಿಸುವುದೂ ಇಲ್ಲ. ಕೆಲವು ಫೋನುಗಳ ಕರೆ ಸೆಟ್ಟಿಂಗಿನಲ್ಲಿ ಸವರುವ ಬದಲು ಒಮ್ಮೆ ಒತ್ತಿದರೆ ಸಾಕು ಎಂಬ ಆಯ್ಕೆ ಇರುತ್ತದೆ, ನಿಮ್ಮದರಲ್ಲಿ ಇದೆಯೇ ನೋಡಿ. ಆಕ್ಸೆಸಿಬಿಲಿಟಿಯಲ್ಲಿ Touch & hold delay ಎಂಬುದನ್ನು ಅತಿ ದೀರ್ಘಕ್ಕೆ ಇಡಿ, ಆಗ ಒತ್ತಿ ಹಿಡಿದ ಮಾತ್ರಕ್ಕೆ ಮುಖಪುಟದ ಚಿತ್ರಗಳು ಕಿತ್ತು ಬೇರೆಡೆ ಹೋಗುವುದು ಕಡಿಮೆಯಾಗುತ್ತದೆ.

ಒಂದು ಕಡ್ಡಿಯ ತೊಂದರೆಯನ್ನು ನಾನು ಮೊದಲೇ ಹೇಳಬೇಕಿತ್ತು. ಆ ಕ್ಷಣದಲ್ಲಿ ಫೋನ್ ಸಂಪರ್ಕದಲ್ಲಿದೆ ಎಂದೇ ಟವರ್ ತಿಳಿಯುತ್ತದೆ, ಆದ್ದರಿಂದ When unreachable ಕೆಲಸ ಮಾಡುವುದಿಲ್ಲ. When unanswered ಎಂಬಲ್ಲಿಯೂ ಅದೇ ನಂಬರ್ ಹಾಕಿ. ಎತ್ತದಿದ್ದರೆ ಕರೆ ತಿರುಗುತ್ತದೆ. ಎತ್ತಿದ ಮೇಲೆ ಧ್ವನಿ ಕಡಿದರೆ ಇದರಿಂದಲೂ ಪ್ರಯೋಜನವಿಲ್ಲ, ಅಂಥ ಜಾಗದಲ್ಲಿ ನೀವು ನೇರವಾಗಿ ಸ್ಮಾರ್ಟ್‌ಫೋನಿಗೇ ಮಾಡಬೇಕು. ಇನ್ನೊಂದು ಮಾತು: ದುರ್ಬಲ ಸಿಗ್ನಲ್ಲಿನಲ್ಲಿ ಫೋನ್ ಟವರನ್ನು ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ರಾತ್ರಿ ಮಲಗುವಾಗ ಚಾರ್ಜಿಗೆ ಹಾಕುವ ಅಭ್ಯಾಸ ಮಾಡಿಸಿ.

ಮೈಸೂರಿನ ನಿವೃತ್ತ ಶಿಕ್ಷಕರು: ಕೊನೆಗೂ ಎರಡು ಫೋನ್, ಎರಡು ಸಿಮ್, ಯುಪಿಎಸ್, ರೂಟರ್. ಇದಕ್ಕಿಂತ ಆ ತಾಯಿಯನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬಾರದೇ?

ಬೆಂಗಳೂರಿನಲ್ಲಿರುವ ಮಗಳು: ಅವರು ಬರುವುದಿಲ್ಲ, ಸರ್. ನಾನು ಕೇಳಿದ್ದು ಫೋನಿನ ವಿಷಯ.

ದಾವಣಗೆರೆಯ ಸದಸ್ಯರು: ಕಂಪನಿಯ ಹೆಸರು ಇನ್ನೂ ಯಾರೂ ಹೇಳಲಿಲ್ಲ.

ಕುಂದಾಪುರದ ಸದಸ್ಯರು: ನನ್ನ ಪ್ರಶ್ನೆಗೂ ಉತ್ತರ ಬಂದಿಲ್ಲ.

ರಿಪೇರಿಯವರು: ಕುಂದಾಪುರದವರೇ, ಕ್ಷಮಿಸಿ, ಜಗಳದ ನಡುವೆ ತಪ್ಪಿಹೋಯಿತು. ಹೌದು, ಆ ಗುರ್ರೆನ್ನುವ ಸದ್ದು 2ಜಿ ಕರೆಯದು, 4ಜಿ ಕರೆಯಲ್ಲಿ ಬಹಳ ಕಡಿಮೆ. ಆದರೆ 4ಜಿ ಫೋನೇ ಆದರೂ ಟವರಿನಲ್ಲಿ 4ಜಿ ಸಿಗದಿದ್ದರೆ ಕರೆ 2ಜಿಗೆ ಇಳಿದು ಸದ್ದು ಮತ್ತೆ ಬರಬಹುದು. ಕೊಳ್ಳುವ ಮೊದಲು ತಾಯಿಯನ್ನೂ ಶ್ರವಣಸಾಧನವನ್ನೂ ಅಂಗಡಿಗೆ ಕರೆತಂದು, ಕಿವಿಗೆ ಹಿಡಿಸಿ ಎರಡು ನಿಮಿಷ ಮಾತಾಡಿಸಿ ನೋಡಿ.