ನಿರುದ್ಯೋಗ ಇಳಿದಿದೆಯಂತೆ, ಹಾಗಾದರೆ ನಮ್ಮ ಓಣಿಯ ಹುಡುಗರು?

ಪ್ರಶ್ನೆ (ಕಾರವಾರದ ತಂದೆಯೊಬ್ಬರು): ಮೇಡಂ, ನಿರುದ್ಯೋಗ ಇಳಿಯಿತೆಂದು ಪತ್ರಿಕೆ ಹೇಳುತ್ತದೆ. ನನ್ನ ಮಗಳು ಬಿ.ಕಾಂ. ಮುಗಿಸಿ ಅರ್ಜಿ ಹಾಕಿ ಹಾಕಿ ಬೇಸತ್ತು ಈಗ ಮನೆಯಲ್ಲಿದ್ದಾಳೆ. ಓಣಿಯಲ್ಲಿ ಇಂಥವರು ಬೇಕಷ್ಟಿದ್ದಾರೆ. ಇವರನ್ನೆಲ್ಲ ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಉತ್ತರ (ಶಿರಸಿಯ ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಹಿಂದೆ ಸಮೀಕ್ಷೆಗಾಗಿ ಮನೆಮನೆ ಸುತ್ತಿದವರು): ಮಗಳು ನಿರುದ್ಯೋಗಿಗಳ ಲೆಕ್ಕದಲ್ಲಿ ಇಲ್ಲದಿರಬಹುದು. ಕೆಲಸ ಮಾಡುವವರು ಮತ್ತು ಕೆಲಸಕ್ಕೆ ಸಿದ್ಧರಿರುವವರು ಸೇರಿದರೆ ಕಾರ್ಮಿಕ ಬಲ. ನಿರುದ್ಯೋಗ ದರವೆಂದರೆ ಆ ಬಲದೊಳಗೆ ಕೆಲಸವಿಲ್ಲದವರ ಪಾಲು ಮಾತ್ರ. ಬಲದಿಂದಲೇ ಹೊರಗೆ ನಡೆದವರು ಆ ಭಿನ್ನರಾಶಿಯ ಮೇಲೂ ಇಲ್ಲ, ಕೆಳಗೂ ಇಲ್ಲ.

ಒಂದು ಊರನ್ನು ಊಹಿಸಿಕೊಳ್ಳಿ. ಹದಿನೈದು ದಾಟಿದವರು 200 ಜನ. 90 ಜನರಿಗೆ ಕೆಲಸವಿದೆ, 10 ಜನ ಹುಡುಕುತ್ತಿದ್ದಾರೆ. ಬಲ 100, ದರ ಶೇ 10. ಮರುವರ್ಷ ಸಣ್ಣ ಅಂಗಡಿಯೊಂದು ಮುಚ್ಚಿ ಇಬ್ಬರು ಕೆಲಸ ಕಳೆದುಕೊಂಡರು. ಅವರನ್ನೂ ಸೇರಿಸಿ ಹುಡುಕಬೇಕಾದವರು 12 ಜನ. ಅವರಲ್ಲಿ ಎಂಟು ಜನ ‘ಇನ್ನು ಸಾಕು’ ಎಂದು ಸುಮ್ಮನಾದರು. ಈಗ ಕೆಲಸ 88 ಜನರಿಗೆ, ಹುಡುಕುವವರು ನಾಲ್ವರು, ದರ ಸುಮಾರು ಶೇ 4.3. ಉದ್ಯೋಗ ಕಡಿಮೆಯಾಗಿದೆ, ದರ ಮಾತ್ರ ಅರ್ಧಕ್ಕಿಂತ ಕೆಳಗೆ. ಗುಟ್ಟು ಬಯಲಾಗುವುದು ಇನ್ನೆರಡು ಅಂಕಿಗಳಲ್ಲಿ: ಬಲದಲ್ಲಿದ್ದವರ ಪಾಲು ಶೇ 50ರಿಂದ 46ಕ್ಕೆ, ಕೆಲಸದಲ್ಲಿದ್ದವರ ಪಾಲು 45ರಿಂದ 44ಕ್ಕೆ ಇಳಿದಿದೆ. ದರ ಇಳಿದ ಸುದ್ದಿ ಬಂದರೆ ಮೊದಲು ಈ ಎರಡನ್ನು ಕೇಳಿ.

ಅಂಕೋಲೆಯ ಅಂಗಡಿಕಾರರು: ಇದೆಲ್ಲ ಬಿಡಿ. ವಾರದಲ್ಲಿ ಒಂದು ಗಂಟೆ ದುಡಿದವನನ್ನೂ ಉದ್ಯೋಗಿ ಎನ್ನುತ್ತಾರೆ. ಮೋಸ ಇರುವುದು ಅಲ್ಲಿ.

ಉಪನ್ಯಾಸಕಿ: ಒಂದು ಗಂಟೆಯ ಮಾತು ನಿಜ, ಆದರೆ ಅದು ವಾರದ ಲೆಕ್ಕಕ್ಕೆ. ವರ್ಷದ ಲೆಕ್ಕದಲ್ಲಿ ಹೆಚ್ಚು ಕಾಲ ಏನು ಮಾಡಿದರು ಎಂಬುದನ್ನು ಮೊದಲು ನೋಡುತ್ತಾರೆ. ಅಲ್ಲದೆ ನೀವು ಹೇಳುವುದು ಅರೆಕೆಲಸದವರ ದೂರು. ಇಲ್ಲಿ ಕೇಳಿರುವುದು ಕೈಚೆಲ್ಲಿ ಕುಳಿತವರ ಬಗ್ಗೆ.

ಭಟ್ಕಳದ ಬೋಟ್ ಕೆಲಸಗಾರ: ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ. ನಾವು ಯಾವ ಗುಂಪು? ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸಬೇಕೇ?

ಉಪನ್ಯಾಸಕಿ: ಬೇಡ, ತಮ್ಮಾ. ಈ ದರ ಆ ದಾಖಲೆಯಿಂದ ಬರುವುದಿಲ್ಲ, ಆಯ್ದ ಮನೆಗಳಿಗೆ ಹೋಗಿ ಕೇಳಿ ಬರೆಯುತ್ತಾರೆ. ಹತ್ತು ತಿಂಗಳು ಕಡಲಿಗೆ ಹೋಗುವ ನೀನು ವರ್ಷದ ಲೆಕ್ಕದಲ್ಲಿ ಉದ್ಯೋಗಿ. ಜುಲೈನ ಒಂದು ವಾರದಲ್ಲಿ ನಿನ್ನದೇ ಬಲೆ ರಿಪೇರಿ ಮಾಡಿದ್ದರೆ ಆಗಲೂ ಉದ್ಯೋಗಿ. ಏನೂ ಮಾಡದೆ ‘ಸಿಕ್ಕಿದರೆ ಬೇರೆ ಕೆಲಸಕ್ಕೆ ಹೋಗುತ್ತೇನೆ’ ಎಂದರೆ ಆ ವಾರಕ್ಕೆ ನಿರುದ್ಯೋಗಿ.

ತಂದೆ: ಹಾಗಾದರೆ ನನ್ನ ಮಗಳೂ ‘ಸಿಕ್ಕಿದರೆ ಹೋಗುತ್ತಾಳೆ’.

ಉಪನ್ಯಾಸಕಿ: ಎಲ್ಲ ನಿಂತಿರುವುದು ಆ ಮಾತಿನ ಮೇಲೆ. ಅಮೆರಿಕದ ಲೆಕ್ಕದಲ್ಲಿ ಹಿಂದಿನ ನಾಲ್ಕು ವಾರಗಳಲ್ಲಿ ಹುಡುಕದವರು ನಿರುದ್ಯೋಗಿಗಳಲ್ಲ. ಕೆಲಸವೇ ಇಲ್ಲವೆಂದು ನಂಬಿ ನಿಲ್ಲಿಸಿದವರನ್ನು ಬೇರೆ ಸಾಲಿನಲ್ಲಿ ಬರೆಯುತ್ತಾರೆ. ನಮ್ಮ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ ಉದಾರ: ಹುಡುಕದಿದ್ದರೂ ಕೆಲಸಕ್ಕೆ ಸಿದ್ಧ ಎಂದರೆ ನಿರುದ್ಯೋಗಿ. ಆದರೆ ಮನೆಯಲ್ಲಿ ಬಾಗಿಲಿಗೆ ಬರುವವರು ಯಾರು? ನಾನು ಪಟ್ಟಿ ಹಿಡಿದು ನಿಂತಾಗ ಎಷ್ಟೋ ಸಲ ಅಮ್ಮನೇ ಉತ್ತರಿಸುತ್ತಿದ್ದರು. ‘ಮಗಳು ಏನು ಮಾಡುತ್ತಾಳೆ?’ ಎಂದರೆ ‘ಮನೆ ನೋಡಿಕೊಳ್ಳುತ್ತಾಳೆ’. ಅಲ್ಲಿಗೆ ಅವಳು ತಮ್ಮ ಮನೆಯ ಕೆಲಸವನ್ನಷ್ಟೇ ಮಾಡುವವರ ಸಾಲಿಗೆ, ಬಲದಿಂದ ಹೊರಗೆ. ಒಳಗೆ ಹುಡುಗಿ ಫೋನಿನಲ್ಲಿ ನೇಮಕಾತಿ ಪ್ರಕಟಣೆ ನೋಡುತ್ತಿದ್ದರೂ ಅಷ್ಟೇ. ‘ಕೆಲಸ ಸಿಕ್ಕಿದರೆ?’ ಎಂದು ಇನ್ನೊಮ್ಮೆ ಕೇಳದ ಗಣತಿದಾರನ ಪಟ್ಟಿಯಲ್ಲಿ ಇಂಥವರು ಹೆಚ್ಚು.

ಅಂಗಡಿಕಾರರು: ಅಂದರೆ ದೇಶದಲ್ಲಿ ದರ ಇಳಿದಿದ್ದು ಜನ ಹತಾಶರಾಗಿ ಎಂದಾಯಿತು.

ಉಪನ್ಯಾಸಕಿ: ಅವಸರ ಬೇಡ. ಇದೇ ಸಮೀಕ್ಷೆಯ ವರ್ಷದ ಲೆಕ್ಕದಲ್ಲಿ 2017-18ರಿಂದ 2023-24ರವರೆಗೆ ದರ 6.0ರಿಂದ 3.2ಕ್ಕೆ ಇಳಿಯಿತು, ಬಲದಲ್ಲಿದ್ದವರ ಪಾಲು 49.8ರಿಂದ 60.1ಕ್ಕೆ ಏರಿತು. ಜನ ಹೊರಗೆ ಹೋಗಿದ್ದರೆ ಇದು ಇಳಿಯಬೇಕಿತ್ತು. ಹಾಗಾಗಿ ನಾನು ಹೇಳಿದ ಊರಿನ ಕಥೆ ದೇಶದ ಈ ಅಂಕಿಗೆ ಹೊಂದುವುದಿಲ್ಲ. ಜಿಲ್ಲೆಗೋ ನಿಮ್ಮ ಓಣಿಗೋ ಹೊಂದಬಹುದು.

ಹೊನ್ನಾವರದ ಶಿಕ್ಷಕಿ: ಮೇಡಂ, ಹೆಂಗಸರಲ್ಲಿ ಬಲದಲ್ಲಿದ್ದವರ ಪಾಲು 23.3ರಿಂದ 41.7 ಆಗಿದೆಯಲ್ಲ. ಅದರಲ್ಲಿ ಬಹುಪಾಲು ಹಳ್ಳಿಗಳಲ್ಲಿ ಸ್ವಂತ ಉದ್ಯೋಗ, ಮನೆಯ ಹೊಲ ಅಂಗಡಿಯಲ್ಲಿ ಸಂಬಳವಿಲ್ಲದ ಸಹಾಯ. ನನ್ನ ಅತ್ತಿಗೆ ಅಡಿಕೆ ಸುಲಿಯುವುದು ಹೊಸದೇನಲ್ಲ, ಈಗ ಲೆಕ್ಕಕ್ಕೆ ಬಂದಿದೆಯಷ್ಟೇ ಎನಿಸುತ್ತದೆ.

ಉಪನ್ಯಾಸಕಿ: ಕೆಲವು ಅರ್ಥಶಾಸ್ತ್ರಜ್ಞರೂ ಹಾಗೆಯೇ ಹೇಳುತ್ತಾರೆ. ಕಷ್ಟಕ್ಕೆ ಹೆಂಗಸರು ದುಡಿಮೆಗೆ ಇಳಿದರು ಎನ್ನುವವರೂ ಇದ್ದಾರೆ, ಅವಕಾಶ ಹೆಚ್ಚಿತು ಎನ್ನುವವರೂ ಇದ್ದಾರೆ. ಜಗಳ ಮುಗಿದಿಲ್ಲ. ನಾನು ಮಾಸಿಕ ಸಂಬಳದವರ ಸಾಲನ್ನು ಮೊದಲು ನೋಡುತ್ತೇನೆ. ಅದು ಏರದಿದ್ದರೆ ನಂಬಿಕೆ ಕಡಿಮೆ.

ತಂದೆ: ನಾಳೆ ಗಣತಿದಾರ ಬಂದರೆ ಮಗಳನ್ನೇ ಮಾತಿಗೆ ಕೂರಿಸುತ್ತೇನೆ.

ಉಪನ್ಯಾಸಕಿ: ಕೂರಿಸಿ. ಅವಳು ಮತ್ತೆ ಅರ್ಜಿ ಹಾಕಲು ತೊಡಗಿದರೆ ನಿಮ್ಮ ಓಣಿಯ ದರ ಏರುತ್ತದೆ, ಗಾಬರಿಯಾಗಬೇಡಿ.