ಡೇಟಾ ಸೈಂಟಿಸ್ಟ್ ಅಂತ ಹಾಕಿದ್ದಾರೆ, ಒಳಗಿರುವ ಕೆಲಸ ಯಾವುದು?

ಪ್ರಶ್ನೆ: ಸರ್, ನಾನು ಎರಡು ವರ್ಷದಿಂದ ಎಕ್ಸೆಲ್ ಮತ್ತು ಎಸ್‌ಕ್ಯೂಎಲ್‌ನಲ್ಲಿ ರಿಪೋರ್ಟ್ ಮಾಡ್ತಿದ್ದೇನೆ. ಪೈಥಾನ್ ಸ್ವಲ್ಪ ಬರುತ್ತೆ. ಡೇಟಾ ಅನಲಿಸ್ಟ್, ಡೇಟಾ ಸೈಂಟಿಸ್ಟ್, ಎಂಎಲ್ ಇಂಜಿನಿಯರ್, ಮೂರರ ಜಾಹೀರಾತೂ ಒಂದೇ ಥರ ಕಾಣುತ್ತೆ. ಯಾವುದರ ಹಿಂದೆ ಬೀಳಲಿ?

ಒಬ್ಬ ಸದಸ್ಯರು: ತುಂಬಾ ಸುಲಭ. ಎಸ್‌ಕ್ಯೂಎಲ್ ಕೇಳಿದ್ದರೆ ಅನಲಿಸ್ಟ್, ಪೈಥಾನ್ ಕೇಳಿದ್ದರೆ ಸೈಂಟಿಸ್ಟ್, ಡಾಕರ್ ಕೇಳಿದ್ದರೆ ಎಂಎಲ್ ಇಂಜಿನಿಯರ್.

ಉತ್ತರ: ಡಾಕರ್ ವಿಷಯದಲ್ಲಿ ನೀವು ಹೇಳಿದ್ದು ಹೆಚ್ಚುಕಡಿಮೆ ಸರಿ. ಎಸ್‌ಕ್ಯೂಎಲ್ ಮತ್ತು ಪೈಥಾನ್ ಮಾತ್ರ ಮೂರೂ ಕಡೆ ಕೇಳ್ತಾರೆ, ಅದರಿಂದ ಏನೂ ಗೊತ್ತಾಗಲ್ಲ. ಹುದ್ದೆಯ ಹೆಸರನ್ನೂ ನಂಬಬೇಡಿ. ಅಮೆರಿಕದ ಟ್ಯಾಕ್ಸಿ ಆ್ಯಪ್ ಕಂಪನಿ ಲಿಫ್ಟ್ 2018ರಲ್ಲಿ ತನ್ನ ಡೇಟಾ ಅನಲಿಸ್ಟ್‌ಗಳನ್ನು ಡೇಟಾ ಸೈಂಟಿಸ್ಟ್ ಅಂತಲೂ, ಮೊದಲಿದ್ದ ಡೇಟಾ ಸೈಂಟಿಸ್ಟ್‌ಗಳನ್ನು ರಿಸರ್ಚ್ ಸೈಂಟಿಸ್ಟ್ ಅಂತಲೂ ಕರೆಯಲು ಶುರು ಮಾಡಿತು. ಬೋರ್ಡ್ ಬದಲಾಯಿತು ಅಷ್ಟೇ.

ನಾನು ನೋಡುವುದು ಒಂದೇ: ಕೆಲಸ ಮುಗಿದಾಗ ಕೈಯಲ್ಲಿ ಏನು ಉಳಿಯುತ್ತೆ, ಅದನ್ನು ಯಾರು ಬಳಸ್ತಾರೆ?

ಗ್ರಾಹಕರು ಚಂದಾ ಬಿಟ್ಟು ಹೋಗ್ತಿದ್ದಾರೆ ಅಂದುಕೊಳ್ಳಿ. ಅನಲಿಸ್ಟ್ ಹೋದ ತಿಂಗಳು ಯಾರು ಬಿಟ್ಟರು, ಯಾವ ಪ್ಲಾನ್‌ನವರು, ಬೆಲೆ ಏರಿದ ಮೇಲೆ ಬಿಟ್ಟರಾ ಅಂತ ಹುಡುಕ್ತಾರೆ. ಕೊನೆಗೆ ಉಳಿಯುವುದು ಒಂದು ಡ್ಯಾಶ್‌ಬೋರ್ಡ್ ಅಥವಾ ನಾಲ್ಕು ಸ್ಲೈಡ್, ಓದುವವರು ಮ್ಯಾನೇಜರ್. ಡೇಟಾ ಸೈಂಟಿಸ್ಟ್ ಮುಂದಿನ 30 ದಿನದಲ್ಲಿ ಯಾರು ಬಿಡಬಹುದು ಅಂತ ಅಂದಾಜು ಮಾಡುವ ಮಾಡೆಲ್ ಕಟ್ತಾರೆ. ಇಲ್ಲವೇ ರಿಯಾಯಿತಿ ಕೊಟ್ಟದ್ದರಿಂದಲೇ ಜನ ಉಳಿದರಾ, ಸುಮ್ನೆ ಇದ್ದಿದ್ದರೂ ಉಳಿಯುತ್ತಿದ್ದರಾ ಅಂತ ಪ್ರಯೋಗ ಮಾಡಿ ನೋಡ್ತಾರೆ. ಎಂಎಲ್ ಇಂಜಿನಿಯರ್ ಆ ಮಾಡೆಲ್ ಪ್ರತಿ ರಾತ್ರಿ ಎಲ್ಲ ಗ್ರಾಹಕರ ಮೇಲೂ ತಾನಾಗಿಯೇ ಓಡುವಂತೆ ಮಾಡ್ತಾರೆ. ಒಂದು ರಾತ್ರಿ ಮೂಲ ಟೇಬಲ್‌ನ ಒಂದು ಕಾಲಂ ಪೂರ್ತಿ ಖಾಲಿ ಬಂದರೆ ಅವರ ಫೋನ್ ಹೊಡೆದುಕೊಳ್ಳುತ್ತೆ. ಅವರ ಕೆಲಸವನ್ನು ಬಳಸುವುದು ಇನ್ನೊಂದು ಸಾಫ್ಟ್‌ವೇರ್.

ಜಾಹೀರಾತಿನ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. ವರದಿ ಮಾಡು, ಅಳೆ, ವಿವರಿಸು ಅಂತಿದ್ದರೆ ಅನಲಿಸ್ಟ್ ಕಡೆ. ಅಂದಾಜಿಸು, ಪ್ರಯೋಗ ರೂಪಿಸು ಅಂತಿದ್ದರೆ ಸೈಂಟಿಸ್ಟ್ ಕಡೆ. ಡಿಪ್ಲಾಯ್, ಮಾನಿಟರ್, ಲೇಟೆನ್ಸಿ, ಆನ್‌ಕಾಲ್ ಕಂಡರೆ ಇಂಜಿನಿಯರ್.

ಮತ್ತೊಬ್ಬರು: ನಾನು ಸೈಂಟಿಸ್ಟ್ ಅಂತ ಸೇರಿದೆ, ಸರ್. ಮೊದಲ ಎಂಟು ತಿಂಗಳು ಟೇಬಲ್‌ಗಳನ್ನು ಜೋಡಿಸುವುದೇ ಆಯ್ತು. ಒಂದು ಮಾಡೆಲ್ ಕೂಡ ಕಟ್ಟಲಿಲ್ಲ. ಎಂ.ಟೆಕ್ ಮಾಡಿದರೆ ಇದು ಸರಿಹೋಗುತ್ತಾ?

ಉತ್ತರ: ಡಿಗ್ರಿಯಿಂದ ಆ ಕಂಪನಿಯ ಡೇಟಾ ಸರಿಹೋಗಲ್ಲ. ಅಲ್ಲಿ ಬಹುಶಃ ಡೇಟಾ ಇಂಜಿನಿಯರ್ ಇಲ್ಲ, ಆ ಕೆಲಸ ನಿಮ್ಮ ತಲೆಗೆ ಬಂದಿದೆ. ಇಂಟರ್ವ್ಯೂನಲ್ಲೇ ಕೇಳಬೇಕಾದ ಪ್ರಶ್ನೆ ಇದು: "ಈಗ ಎಷ್ಟು ಮಾಡೆಲ್ ಪ್ರೊಡಕ್ಷನ್‌ನಲ್ಲಿವೆ? ಡೇಟಾ ತಯಾರು ಮಾಡಿಕೊಡುವವರು ಯಾರು?" ಮೊದಲ ಪ್ರಶ್ನೆಗೆ "ಇನ್ನೂ ಇಲ್ಲ, ನೀವೇ ಶುರು ಮಾಡ್ತೀರಿ" ಅಂದು, ಎರಡನೆಯದಕ್ಕೆ ತಡವರಿಸಿದರೆ ನಿಮಗಾದದ್ದೇ ಆಗುತ್ತೆ.

ಕೇಳಿದವರು: ನನ್ನ ಕೈಲಿರುವ ಒಂದು ಜಾಹೀರಾತು ಹೇಳ್ತೀನಿ. ಹೆಸರು ಡೇಟಾ ಸೈಂಟಿಸ್ಟ್. ಮೊದಲ ಸಾಲು, ವಾರದ ಬಿಸಿನೆಸ್ ರಿವ್ಯೂಗೆ ಅಂಕಿಅಂಶ ತಯಾರಿಸುವುದು. ಎರಡು, ಪ್ರಾಡಕ್ಟ್ ತಂಡದ ಜೊತೆ ಎ/ಬಿ ಟೆಸ್ಟ್. ಮೂರು, ಟ್ಯಾಬ್ಲೋ ಡ್ಯಾಶ್‌ಬೋರ್ಡ್. ಕೊನೆಗೆ, ಮಷೀನ್ ಲರ್ನಿಂಗ್ ಗೊತ್ತಿದ್ದರೆ ಒಳ್ಳೆಯದು.

ಉತ್ತರ: ಇದು ಅನಲಿಸ್ಟ್ ಕೆಲಸವೇ. ಎ/ಬಿ ಟೆಸ್ಟ್ ಇರುವುದರಿಂದ ಸ್ವಲ್ಪ ಮೇಲಿನ ಹಂತದ್ದು. ಮೇಲಿನ ಸಾಲುಗಳೇ ದಿನದ ಕೆಲಸ. "ಗೊತ್ತಿದ್ದರೆ ಒಳ್ಳೆಯದು" ಅಂತ ಕೊನೆಗೆ ಬಂದದ್ದು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನಿಮಗೆ ಇದು ಚೆನ್ನಾಗಿ ಹೊಂದುತ್ತೆ, ಅರ್ಜಿ ಹಾಕಿ. ಸ್ಯಾಂಪಲ್ ಎಷ್ಟಿರಬೇಕು, ಫಲಿತಾಂಶ ಚೆನ್ನಾಗಿ ಕಂಡ ತಕ್ಷಣ ಟೆಸ್ಟ್ ನಿಲ್ಲಿಸಿದರೆ ಯಾಕೆ ತಪ್ಪು, ಇವೆರಡನ್ನು ಓದಿಕೊಂಡು ಹೋಗಿ.

ಎಚ್‌ಆರ್ ಬಳಿ ಇಂಟರ್ವ್ಯೂ ಸುತ್ತುಗಳನ್ನೂ ಕೇಳಿ. ಎಸ್‌ಕ್ಯೂಎಲ್ ಮತ್ತು ಬಿಸಿನೆಸ್ ಕೇಸ್ ಇದ್ದರೆ ನನ್ನ ಅಂದಾಜು ಸರಿ. ಅಲ್ಗಾರಿದಮ್ ಕೋಡಿಂಗ್ ಜೊತೆ ಸಿಸ್ಟಮ್ ಡಿಸೈನ್ ಸುತ್ತು ಇದೆ ಅಂದರೆ ಅವರಿಗೆ ಬೇಕಾಗಿರುವುದು ಇಂಜಿನಿಯರ್.

ಮೊದಲ ಸದಸ್ಯರು: ಎಷ್ಟೋ ಜಾಹೀರಾತು ಎಚ್‌ಆರ್ ಎಲ್ಲಿಂದಲೋ ಕಾಪಿ ಮಾಡಿದ್ದಾಗಿರುತ್ತೆ, ಅಲ್ವಾ? ಆಗ ಸಾಲುಗಳ ಕ್ರಮ ನೋಡಿ ಏನು ಪ್ರಯೋಜನ?

ಉತ್ತರ: ಅದು ನಿಜ, ಅಂಥ ಕಡೆ ಈ ಲೆಕ್ಕ ಕೈಕೊಡುತ್ತೆ. ಮೂರೂ ಕೆಲಸದ ಸಾಲುಗಳು ಕಲೆಸಿಕೊಂಡಿದ್ದರೆ ಎರಡು ಕಾರಣ ಇರಬಹುದು. ಕಾಪಿ ಆಗಿರಬಹುದು, ಇಲ್ಲವೇ ಚಿಕ್ಕ ಕಂಪನಿಯಲ್ಲಿ ನಿಜವಾಗಿಯೂ ಒಬ್ಬರೇ ಮೂರೂ ಮಾಡಬೇಕಿರಬಹುದು. ಹೊರಗಿನಿಂದ ಬೇರ್ಪಡಿಸುವುದು ಕಷ್ಟ. ನಾನಾದರೆ ಆಗ ಮ್ಯಾನೇಜರ್ ಜೊತೆ 15 ನಿಮಿಷ ಮಾತು ಕೇಳಿ, "ಮೊದಲ ಮೂರು ತಿಂಗಳಲ್ಲಿ ನಾನು ಏನನ್ನು ಮುಗಿಸಬೇಕು?" ಅಂತ ವಿಚಾರಿಸ್ತೀನಿ.