ಕೋಚಿಂಗ್ ಬಿಟ್ಟರೆ ಫೀಸ್ ವಾಪಸ್: ಅವರದೇ ನಿಯಮ ತೋರಿಸಿ ಕೇಳಿದವರು ಯಾರಾದ್ರೂ ಇದ್ದೀರಾ?

ಕೇಳಿದವರು, ದಾವಣಗೆರೆ

ತಂಗಿಯನ್ನು ಬೆಂಗಳೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ನೀಟ್ ರಿಪೀಟರ್ಸ್ ಬ್ಯಾಚಿಗೆ ಸೇರಿಸಿದ್ದೆವು. ಜಿಎಸ್‌ಟಿ ಸೇರಿ 1,18,000 ರೂಪಾಯಿ ಅಪ್ಪ ಒಂದೇ ಸಲ ಕಟ್ಟಿದ್ದಾರೆ. ಕ್ಲಾಸ್ ಶುರುವಾಗಿ 26 ದಿನ ಆಯ್ತು. ಈಗ ಸಿಇಟಿಯಲ್ಲಿ ಬಿಎಸ್ಸಿ ಅಗ್ರಿ ಸೀಟು ಸಿಕ್ಕಿದೆ, ಅದಕ್ಕೇ ಹೋಗ್ತೀನಿ ಅಂತಿದ್ದಾಳೆ. ಕೌಂಟರಿನಲ್ಲಿ ಕೇಳಿದರೆ ರಸೀದಿ ಮೇಲಿನ 'ನಾನ್ ರಿಫಂಡಬಲ್' ಸೀಲು ತೋರಿಸಿದರು. ಆದರೆ ಅಪ್ಲಿಕೇಶನ್ ಫಾರಂ ಹಿಂದೆ, ಬ್ಯಾಚ್ ಶುರುವಾದ 30 ದಿನದೊಳಗೆ ಬರೆದು ಕೊಟ್ಟರೆ ಟ್ಯೂಷನ್ ಫೀಸಿನ ಶೇ. 75 ವಾಪಸ್ ಅಂತ ಸಣ್ಣಕ್ಷರದಲ್ಲಿದೆ. ಯಾವುದು ನಿಲ್ಲುತ್ತೆ? ಹೇಗೆ ಕೇಳೋದು?

ಮೈಸೂರಿನಿಂದ ಒಬ್ಬರು

ತಲೆ ಕೆಡಿಸಿಕೊಳ್ಳಬೇಡಿ. 2024ರಲ್ಲಿ ಕೇಂದ್ರ ಸರ್ಕಾರ ಕಾನೂನು ಮಾಡಿದೆ. ಮಧ್ಯದಲ್ಲಿ ಬಿಟ್ಟರೆ 10 ದಿನದಲ್ಲಿ ಪೂರ್ತಿ ದುಡ್ಡು ಕೊಡಲೇಬೇಕು. ಶೇ. 75 ಯಾಕೆ, ನೂರಕ್ಕೆ ನೂರು ಕೇಳಿ. ಕೊಡದಿದ್ದರೆ ಪೊಲೀಸ್ ಸ್ಟೇಷನ್.

ವಿಜಯನಗರ, ಬೆಂಗಳೂರು (ಒಂದು ಕೋಚಿಂಗ್ ಆಫೀಸಿನಲ್ಲಿ ನಾಲ್ಕು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ)

ಮೈಸೂರಿನ ಸರ್ ಹೇಳಿದ್ದು ಅರ್ಧ ಸರಿ. 2024ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯದಿಂದ ಬಂದದ್ದು ಮಾರ್ಗಸೂಚಿ. ಜಾರಿಗೆ ತರಬೇಕಾದ್ದು ಆಯಾ ರಾಜ್ಯ. ಅದರಲ್ಲೂ ಪೂರ್ತಿ ಹಣ ಅಂತಿಲ್ಲ. ಕೋರ್ಸಿನಲ್ಲಿ ಇನ್ನೆಷ್ಟು ಕಾಲ ಉಳಿದಿದೆಯೋ ಅಷ್ಟರ ಹಣವನ್ನು 10 ದಿನದಲ್ಲಿ ಕೊಡಬೇಕು ಅಂತಿದೆ. ಸ್ಟೇಷನ್ನಿಗೆ ಹೋದರೆ 'ಇದು ಸಿವಿಲ್ ಮ್ಯಾಟರ್' ಅಂತ ಕಳಿಸ್ತಾರೆ, ಅಷ್ಟೇ.

ದಾವಣಗೆರೆ ಅಣ್ಣ, ನಿಮಗೆ ಈಗ ಕಾನೂನಿಗಿಂತ ಕ್ಯಾಲೆಂಡರ್ ಮುಖ್ಯ. ನಿಮ್ಮ ಕೈಲಿರೋದು ನಾಲ್ಕೇ ದಿನ. ಕೌಂಟರಿನಲ್ಲಿ ಬಾಯಿಮಾತಲ್ಲಿ ಕೇಳಿದ್ದು ಲೆಕ್ಕಕ್ಕೇ ಇಲ್ಲ. ನಮ್ಮ ಆಫೀಸಿನಲ್ಲಿ ಏನಾಗ್ತಿತ್ತು ಅಂದರೆ, ಅಡ್ಮಿಷನ್ ಮಾಡಿಸಿದ ಕೌನ್ಸೆಲರಿಗೆ ಇನ್ಸೆಂಟಿವ್ ಸಿಗ್ತಿತ್ತು. ರಿಫಂಡ್ ಆದರೆ ಅದು ಅವರ ಸಂಬಳದಲ್ಲಿ ಕಟ್. ಅದಕ್ಕೇ 'ಸೋಮವಾರ ಬನ್ನಿ, ಬ್ರಾಂಚ್ ಹೆಡ್ ಇಲ್ಲ, ಬೇರೆ ಬ್ಯಾಚಿಗೆ ಹಾಕಿಕೊಡ್ತೀವಿ' ಅಂತ ಓಡಾಡಿಸ್ತಿದ್ದರು. ಓಡಾಡ್ತಾ 30 ದಿನ ದಾಟಿಬಿಡ್ತಿತ್ತು. ಆಮೇಲೆ ಅವರೇ ನಿಯಮ ತೋರಿಸ್ತಿದ್ದರು. ಬ್ರಾಂಚಿನವರಿಗೆ ಹಣ ಕೊಡುವ ಅಧಿಕಾರವೂ ಇರ್ತಿರಲಿಲ್ಲ. ಎಲ್ಲ ಹೆಡ್ ಆಫೀಸಿನ ಫೈನಾನ್ಸ್.

ಹಾಗಾಗಿ ಇವತ್ತೇ ಮೇಲ್ ಹಾಕಿ. ಬ್ರಾಂಚಿಗೂ ಹೆಡ್ ಆಫೀಸಿಗೂ ಒಂದೇ ಮೇಲ್. ಫಾರಂನಲ್ಲಿ ಕೊಟ್ಟಿದ್ದ ಇ-ಮೇಲಿನಿಂದಲೇ ಹೋಗಲಿ, ಇಲ್ಲಾಂದ್ರೆ 'ಇದು ಯಾರೋ ಕಳಿಸಿದ್ದು' ಅನ್ನಬಹುದು. ಫಾರಂಗೆ ಸಹಿ ಹಾಕಿದವರು ಅಪ್ಪ ಆದರೆ ಅರ್ಜಿಗೂ ಅಪ್ಪನದೇ ಸಹಿ. ಅದೇ ಅರ್ಜಿಯನ್ನು ನಾಳೆ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಕೈಯಲ್ಲಿ ಕೊಡೋದಾದರೆ ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.

ಮೇಲ್ ಉದ್ದ ಬೇಡ. ಸೀಟು ಸಿಕ್ಕ ಕಥೆ, ಮನೆಯ ಕಷ್ಟ ಯಾವುದೂ ಬೇಡ. ಕಷ್ಟ ಬರೆದರೆ ಅದು ಮನವಿ ಆಗುತ್ತೆ, ಅವರು ದಯೆ ತೋರಿಸೋ ಜಾಗದಲ್ಲಿ ಕೂತುಬಿಡ್ತಾರೆ. ಒಕ್ಕಣೆ ಇಷ್ಟಿರಲಿ:

'ನನ್ನ ಮಗಳು (ಎನ್‌ರೋಲ್‌ಮೆಂಟ್ ನಂಬರ್ ಇಂಥದ್ದು) ಇವತ್ತಿನಿಂದ ಕೋರ್ಸ್ ಬಿಡುತ್ತಿದ್ದಾಳೆ. ಬ್ಯಾಚ್ ಇಂಥ ತಾರೀಖು ಶುರುವಾಗಿದೆ. ಇವತ್ತಿಗೆ 26ನೇ ದಿನ. ನಿಮ್ಮ ಅಪ್ಲಿಕೇಶನ್ ಫಾರಂನ ಇಷ್ಟನೇ ನಿಯಮ ಹೀಗಿದೆ: (ಅವರ ವಾಕ್ಯವನ್ನು ಇದ್ದ ಹಾಗೇ ಇಳಿಸಿ.) ಅದರ ಪ್ರಕಾರ ಬರಬೇಕಾದ ಹಣ ಇಷ್ಟು. ಹಣ ಕಟ್ಟಿದ ಖಾತೆಗೇ ಹಾಕಿ. ಫಾರಂನ ಎರಡೂ ಮಗ್ಗುಲು, ರಸೀದಿ, ಕ್ಯಾನ್ಸಲ್ ಮಾಡಿದ ಚೆಕ್ಕು ಲಗತ್ತಿಸಿದ್ದೇನೆ.'

ಹಣದ ಲೆಕ್ಕ ಹಾಕಬೇಕಂದ್ರೆ ನಿಮ್ಮ ರಸೀದಿಯ ಒಡೆದ ಲೆಕ್ಕ ಬೇಕು. ಟ್ಯೂಷನ್ ಎಷ್ಟು, ರಿಜಿಸ್ಟ್ರೇಷನ್ ಎಷ್ಟು, ಪುಸ್ತಕದ್ದು ಎಷ್ಟು?

ಕೇಳಿದವರು

ರಿಜಿಸ್ಟ್ರೇಷನ್ 5,000, ಸ್ಟಡಿ ಮೆಟೀರಿಯಲ್ 10,000, ಟ್ಯೂಷನ್ 85,000. ಅದರ ಮೇಲೆ ಜಿಎಸ್‌ಟಿ 18,000. ಪುಸ್ತಕ ಎಲ್ಲ ಕೊಟ್ಟಾಗಿದೆ. ಇನ್ನೊಂದು ವಿಷಯ, ಅಡ್ಮಿಷನ್ ಆಗಿದ್ದು ಬ್ಯಾಚ್ ಶುರುವಾಗೋಕೆ ಮೂರು ವಾರ ಮುಂಚೆ. ಅಲ್ಲಿಂದ ಎಣಿಸಿದರೆ 30 ದಿನ ದಾಟಿದೆ ಅಂತಲೂ ಅಂದರು.

ಹುಬ್ಬಳ್ಳಿಯಿಂದ ಒಬ್ಬರು

ನಮ್ಮ ಹುಡುಗನೂ ಹೋದ ವರ್ಷ ಎಂಜಿನಿಯರಿಂಗ್ ಸೀಟು ಬಿಟ್ಟ. ಯುಜಿಸಿ ನಿಯಮ ಇದೆಯಲ್ಲ, ಅದರ ಪ್ರಕಾರ ಕೇಳಿ. ಕೆಇಎ ಆಫೀಸಿಗೂ ಒಂದು ಅರ್ಜಿ ಹಾಕಿ.

ವಿಜಯನಗರ

ಸರ್, ಅದು ಕಾಲೇಜು ಸೀಟಿನ ವಿಷಯ. ಇವರು ಬಿಡ್ತಿರೋದು ಕೋಚಿಂಗ್. ಯುಜಿಸಿಗೂ ಕೆಇಎಗೂ ಇದು ಸಂಬಂಧ ಇಲ್ಲ.

ಅಣ್ಣ, 75 ಅನ್ನೋದು ಟ್ಯೂಷನ್ ಮೇಲೆ ಮಾತ್ರ. 85,000ಕ್ಕೆ 63,750 ಆಯ್ತು. ರಿಜಿಸ್ಟ್ರೇಷನ್, ಪುಸ್ತಕದ ಹಣ ಆ ವಾಕ್ಯದಲ್ಲಿ ಇಲ್ಲ, ಅದರ ಆಸೆ ಬಿಡಿ. ವಾಪಸ್ ಬರುವ 63,750ರ ಮೇಲಿನ ಜಿಎಸ್‌ಟಿ 11,475. ಒಟ್ಟು 75,225 ಅಂತ ಬರೆಯಿರಿ. 'ಜಿಎಸ್‌ಟಿ ಸರ್ಕಾರಕ್ಕೆ ಕಟ್ಟಾಯ್ತು' ಅಂತಾರೆ. ನಾವೂ ಹಾಗೇ ಅಂತಿದ್ದೆವು! ಆದರೆ ಕ್ರೆಡಿಟ್ ನೋಟ್ ಹಾಕಿ ತೆರಿಗೆ ಹೊಂದಿಸಿಕೊಳ್ಳೋಕೆ ಅವರಿಗೆ ದಾರಿ ಇದೆ. ಆ ಹಣಕಾಸು ವರ್ಷ ಮುಗಿದ ಮೇಲೂ ನವೆಂಬರ್ 30ರ ತನಕ ಸಮಯ ಇರುತ್ತೆ. ಫಾರಂನಲ್ಲಿ 'ತೆರಿಗೆ ವಾಪಸ್ ಇಲ್ಲ' ಅಂತ ಎಲ್ಲಾದ್ರೂ ಬರೆದಿದೆಯಾ ನೋಡಿ. ಬರೆದಿದ್ದರೆ ಅಲ್ಲಿ ಜಗ್ಗಾಟ ಗ್ಯಾರಂಟಿ.

ಅಡ್ಮಿಷನ್ ತಾರೀಖಿನ ಆಟ ಹಳೇದು. ಅವರ ವಾಕ್ಯದಲ್ಲಿ 'ಬ್ಯಾಚ್ ಶುರುವಾದ' ಅಂತ ಇದ್ದರೆ ಎಣಿಕೆ ಅಲ್ಲಿಂದಲೇ. ಕ್ಲಾಸ್ ಶುರು ಅಂತ ವಾಟ್ಸಾಪಿಗೋ ಎಸ್ಎಂಎಸ್ಸಿಗೋ ಬಂದ ಮೆಸೇಜ್ ಇರುತ್ತಲ್ಲ, ಅದರ ಸ್ಕ್ರೀನ್‌ಶಾಟ್ ಲಗತ್ತಿಸಿ. ಮತ್ತೆ ಇವತ್ತಿನಿಂದ ತಂಗಿ ಅಲ್ಲಿ ಬೆರಳು ಒತ್ತಬಾರದು. ಬಿಟ್ಟೆ ಅಂತ ಬರೆದ ಮೇಲೂ ಅಟೆಂಡೆನ್ಸ್ ಇದ್ದರೆ ಅದನ್ನೇ ಹಿಡ್ಕೊಳ್ತಾರೆ.

ತುಮಕೂರಿನಿಂದ ಒಬ್ಬರು

ನಂದು ಬೇರೆ ಕಥೆ, ಆದರೂ ಹೇಳ್ತೀನಿ. ನಾನು ಕೆಎಎಸ್ ಕೋಚಿಂಗಿಗೆ ಸೇರಿದಾಗ 'ಇಎಂಐ' ಅಂತ ಸಹಿ ಹಾಕಿಸಿಕೊಂಡರು. ಕಂತು ಅಂದುಕೊಂಡೆ. ನೋಡಿದರೆ ಒಂದು ಫೈನಾನ್ಸ್ ಕಂಪನಿಯ ಸಾಲ. ಕೋಚಿಂಗಿನವರಿಗೆ ಪೂರ್ತಿ ಹಣ ಹೋಗಿಯಾಗಿತ್ತು. ನಾನು ಕೋಚಿಂಗ್ ಬಿಟ್ಟೆ, ಇಎಂಐ ಕಟ್ಟೋದೂ ನಿಲ್ಲಿಸಿದೆ. ಸಿಬಿಲ್ ಹಾಳಾಯ್ತು, ಬೈಕ್ ಲೋನ್ ಸಿಗಲಿಲ್ಲ. ನಾನು ಕೋಚಿಂಗಿನವರಿಗೂ ಫೈನಾನ್ಸ್ ಕಂಪನಿಗೂ ಒಂದೇ ದಿನ ಬರೆಯಬೇಕಿತ್ತು, ಜಗಳ ಮುಗಿಯೋವರೆಗೆ ಕಂತು ಕಟ್ಟಬೇಕಿತ್ತು. ನಿಮ್ಮಪ್ಪ ಒಂದೇ ಸಲ ಕಟ್ಟಿದ್ದು ಒಳ್ಳೇದಾಯ್ತು.

ಮಂಗಳೂರಿನಿಂದ ಒಬ್ಬರು

ನನ್ನ ಮಗನ ವಿಷಯದಲ್ಲಿ ಗ್ರಾಹಕರ ಆಯೋಗದ ತನಕ ಹೋದವಳು ನಾನು. ಎರಡು ಮಾತು.

ಒಂದು, ನಮ್ಮ ಸೆಂಟರಿನವರು ನಾವು ಬರೆದ ಮೇಲೆ ವೆಬ್‌ಸೈಟಿನಲ್ಲಿದ್ದ ರಿಫಂಡ್ ಪುಟವನ್ನೇ ಬದಲಾಯಿಸಿಬಿಟ್ಟರು. 30 ದಿನ ಇದ್ದದ್ದು 7 ದಿನ ಆಯ್ತು. ಪುಣ್ಯಕ್ಕೆ web.archive.org ನಲ್ಲಿ ಹಳೇ ಪುಟ ಸಿಕ್ಕಿತು. ನಾವು ಸೇರಿದ ದಿನ ಯಾವುದಿತ್ತೋ ಅದೇ ನಮಗೆ ಅನ್ವಯ ಅಂತ ವಾದ ಮಾಡಿದೆವು. ನಿಮ್ಮ ಫಾರಂ ಕಾಗದದಲ್ಲಿದೆ, ಆದರೂ ವೆಬ್ ಪುಟವನ್ನೂ ಇವತ್ತೇ ಪಿಡಿಎಫ್ ಮಾಡಿಡಿ.

ಎರಡು, ಕೌಂಟರಿನಲ್ಲಿ 'ವಿತ್‌ಡ್ರಾವಲ್ ಫಾರಂ' ಕೊಟ್ಟರೆ ಕೊನೇ ಸಾಲು ಓದಿ. ನಮ್ಮದರಲ್ಲಿ 'ಇನ್ನು ಯಾವ ಹಣದ ಬೇಡಿಕೆಯೂ ಇರುವುದಿಲ್ಲ' ಅಂತಿತ್ತು. ಅದನ್ನು ಹೊಡೆದು ಸಹಿ ಹಾಕಿದೆ. ಆ ಹುಡುಗಿ ಮುಖ ಸಣ್ಣ ಮಾಡಿಕೊಂಡಳು, ಆದರೆ ತಗೊಂಡಳು. ಒರಿಜಿನಲ್ ರಸೀದಿಯನ್ನೂ ಕೊಡಬೇಡಿ, ಜೆರಾಕ್ಸ್ ಸಾಕು.

ಮೈಸೂರಿನಿಂದ ಒಬ್ಬರು

ಸರಿ, ಮಾರ್ಗಸೂಚಿ ಅಂತಲೇ ಇಟ್ಟುಕೊಳ್ಳೋಣ. ಆದರೂ ಹತ್ತು ತಿಂಗಳ ಕೋರ್ಸಿನಲ್ಲಿ ಒಂದು ತಿಂಗಳು ಹೋದರೆ ಉಳಿದದ್ದು ಒಂಬತ್ತು. 85,000ಕ್ಕೆ 76,500 ಬರುತ್ತೆ. ಜಾಸ್ತಿ ಸಿಗೋದನ್ನ ಬಿಟ್ಟು ಕಮ್ಮಿ ಯಾಕೆ ಕೇಳಬೇಕು?

ಮಂಗಳೂರು

ಕೇಳಬಾರದು ಅಂತಲ್ಲ ಸರ್. ನಮ್ಮ ವಕೀಲರು ಹೇಳಿದ್ದು ಹೀಗೆ. ಅವರದೇ ನಿಯಮದ ಹಣ ಅವರೇ ಕೊಟ್ಟಿಲ್ಲ ಅಂದರೆ ಅದು ಸೇವೆಯ ಲೋಪ. ಕೇಸು ನೇರ, ಜಿಲ್ಲಾ ಆಯೋಗದಲ್ಲೇ ನಡೆಯುತ್ತೆ. 'ಈ ಕರಾರೇ ಅನ್ಯಾಯದ್ದು, ರದ್ದು ಮಾಡಿ' ಅಂತ ಹೊರಟರೆ 2019ರ ಕಾಯ್ದೆಯಲ್ಲಿ ಅದು ರಾಜ್ಯ ಆಯೋಗದ ಕೆಲಸ. ಎದುರು ಪಾರ್ಟಿ ಅದನ್ನೇ ಹಿಡಿದು ವರ್ಷ ಎಳೀತಾರೆ. ನಾವು ಅವರ ನಿಯಮವನ್ನೇ ಮುಂದಿಟ್ಟೆವು, ಮಾರ್ಗಸೂಚಿಯನ್ನು ಬೆಂಬಲಕ್ಕೆ ಒಂದು ಸಾಲಿನಲ್ಲಿ ಹೇಳಿದೆವು. ಬೇರೆ ವಕೀಲರು ಬೇರೆ ಥರ ಹೇಳಬಹುದು.

'ನಾವು ಶಿಕ್ಷಣ ಸಂಸ್ಥೆ, ಗ್ರಾಹಕ ಕಾಯ್ದೆ ನಮಗಿಲ್ಲ' ಅಂತಲೂ ಅವರು ವಾದ ಮಾಡಿದರು. 2020ರ ಜನವರಿಯಲ್ಲಿ ರಾಷ್ಟ್ರೀಯ ಆಯೋಗ ಕಾಲೇಜುಗಳಿಗೆ ಆ ವಿನಾಯಿತಿ ಕೊಟ್ಟಿದ್ದು ನಿಜ. ಆದರೆ ಅದೇ ಆದೇಶದಲ್ಲಿ ಕೋಚಿಂಗ್ ಸೆಂಟರುಗಳನ್ನು ಅದರಿಂದ ಹೊರಗಿಟ್ಟಿದೆ.

ದಾವಣಗೆರೆಯವರು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ಎರಡು ವರ್ಷದ ಗಡುವು ಇದೆ. ಮೊದಲು 1915ಕ್ಕೆ ಫೋನ್ ಮಾಡಿ ಹೆಲ್ಪ್‌ಲೈನಿನಲ್ಲಿ ದೂರು ದಾಖಲಿಸಿ. ಅವರು ಆದೇಶ ಮಾಡುವವರಲ್ಲ, ಮಧ್ಯೆ ನಿಂತು ಕಂಪನಿಗೆ ಕಳಿಸ್ತಾರೆ. ಅಷ್ಟಕ್ಕೇ ಎಷ್ಟೋ ಜನಕ್ಕೆ ಹಣ ಬಂದಿದೆ.

ಕೇಳಿದವರು (ಎರಡು ತಿಂಗಳ ನಂತರ)

ಏನಾಯ್ತು ಅಂತ ಹೇಳಬೇಕಲ್ವಾ. ಅವತ್ತೇ ರಾತ್ರಿ ಅಪ್ಪನ ಇ-ಮೇಲಿನಿಂದ ಕಳಿಸಿದೆವು. 75,225 ಅಂತಲೇ ಬರೆದೆವು. ಹತ್ತು ದಿನ ಉತ್ತರ ಇಲ್ಲ. 1915ರಲ್ಲಿ ದೂರು ಹಾಕಿದ ಮೇಲೆ ಹೆಡ್ ಆಫೀಸಿನಿಂದ ಫೋನ್ ಬಂತು. 'ಮುಂದಿನ ವರ್ಷದ ಬ್ಯಾಚಿಗೆ ಪೂರ್ತಿ ಹಣ ಹೊಂದಿಸ್ತೀವಿ' ಅಂದರು. ಬರೆದು ಕಳಿಸಿ ಅಂದೆ, ಕಳಿಸಲಿಲ್ಲ. ಹೋದ ವಾರ ಅಪ್ಪನ ಖಾತೆಗೆ 63,750 ಬಂದಿದೆ. ಜಿಎಸ್‌ಟಿ ಮಾತ್ರ ಕೊಡಲ್ಲ ಅಂತಾರೆ. ಫಾರಂನಲ್ಲಿ ತೆರಿಗೆ ಬಗ್ಗೆ ಒಂದಕ್ಷರ ಇಲ್ಲ. 11,475ಕ್ಕೋಸ್ಕರ ಆಯೋಗಕ್ಕೆ ಹೋಗೋದಾ?

ವಿಜಯನಗರ

ಮೊದಲು ಹಣ ಬಂದದ್ದಕ್ಕೆ ಒಂದು ಮೇಲ್ ಹಾಕಿ. '63,750 ತಲುಪಿದೆ, 11,475 ಬಾಕಿ ಇದೆ, ಕ್ರೆಡಿಟ್ ನೋಟಿನ ಪ್ರತಿ ಕಳಿಸಿ' ಅಂತ. ಸುಮ್ನೆ ಇದ್ದರೆ ಲೆಕ್ಕ ಚುಕ್ತಾ ಅಂತ ಬರೆದುಕೊಳ್ತಾರೆ. ಕ್ರೆಡಿಟ್ ನೋಟ್ ಹಾಕಿ ತೆರಿಗೆ ಅವರು ಇಳಿಸಿಕೊಂಡಿದ್ದರೆ ಆ ಹಣ ಅವರ ಹತ್ತಿರ ಇರೋಕೆ ಕಾರಣವೇ ಇಲ್ಲ.

ಮಂಗಳೂರು

ನಾನಾಗಿದ್ದರೆ ಹೋಗ್ತಿದ್ದೆ. ನನ್ನ ಯಜಮಾನರನ್ನ ಕೇಳಿದರೆ ಬೇಡ ಅಂತಿದ್ದರು. ನಮಗೆ ಆದೇಶ ಬರೋಕೆ ಹದಿನಾಲ್ಕು ತಿಂಗಳು ಹಿಡೀತು, ನೀವೇ ಯೋಚನೆ ಮಾಡಿ.